8 ಸೆಕೆಂಡಿನ ವಿಡಿಯೊಗೆ 140 ಪರ್ಸೆಂಟ್ ಹೇಗೆ ಬರುತ್ತದೆ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಚನ್ನಪಟ್ಟಣ. ಅಪ್ಪ ಲೇತ್ ಮೇಲೆ ಬುಗುರಿಗೆ ಅರಗು ಹಚ್ಚೋದನ್ನ 8 ಸೆಕೆಂಡಿನ ಶಾರ್ಟ್ಸ್ ಮಾಡಿ ಯೂಟ್ಯೂಬ್‌ಗೆ ಹಾಕಿದ್ದೆ. Average percentage viewed 140% ಅಂತ ತೋರಿಸ್ತಿದೆ. ನೂರಕ್ಕಿಂತ ಜಾಸ್ತಿ ನೋಡೋಕೆ ಹೇಗೆ ಸಾಧ್ಯ? ಫ್ರೆಂಡ್ ಒಬ್ಬ ಇದು ಬಾಟ್ ವ್ಯೂಸ್ ಅಂತಾನೆ. Views 9,400, Engaged views 4,000, Watch time 12.4 ಗಂಟೆ ಇದೆ. ಇಡೀ ಕೆಲಸ ತೋರಿಸೋ 48 ಸೆಕೆಂಡಿನ ಇನ್ನೊಂದಕ್ಕೆ 68% ಅಷ್ಟೇ. ಇನ್ಮೇಲೆ ಎಲ್ಲಾ 8 ಸೆಕೆಂಡೇ ಮಾಡಲಾ?

ಉತ್ತರ: ನಮಸ್ಕಾರ. ಮೂರೂ ಸಂಖ್ಯೆ ಕಳಿಸಿದ್ದು ಒಳ್ಳೆಯದಾಯಿತು. ಅವು ಇದ್ದರೆ ಊಹೆ ಬೇಕಿಲ್ಲ, ಲೆಕ್ಕವನ್ನೇ ಮಾಡಿ ನೋಡಬಹುದು. ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ.

12.4 ಗಂಟೆ ಎಂದರೆ 44,640 ಸೆಕೆಂಡು. ಅದನ್ನು Engaged views, ಅಂದರೆ ದಾಟಿಹೋಗದೆ ನಿಂತು ನೋಡಿದ 4,000 ವೀಕ್ಷಣೆಗಳಿಂದ ಭಾಗಿಸಿದರೆ 11.16 ಸೆಕೆಂಡು. ಅದನ್ನು ವಿಡಿಯೊದ ಉದ್ದವಾದ 8ರಿಂದ ಭಾಗಿಸಿದರೆ 1.395, ಅಂದರೆ 139.5 ಪರ್ಸೆಂಟ್. ಪರದೆಯಲ್ಲಿರುವ 140ಕ್ಕೆ ಸರಿಯಾಗಿ ಕೂತಿತು, ಅಲ್ವಾ? ಗಂಟೆಯನ್ನು ಒಂದೇ ದಶಮಾಂಶಕ್ಕೆ ತೋರಿಸುವುದರಿಂದ ಅರ್ಧ ಪರ್ಸೆಂಟ್ ಹಿಂದೆಮುಂದೆ ಆಗಿದೆ, ಅಷ್ಟೆ.

ಹಾಗಾದರೆ ಈ ಸಂಖ್ಯೆ ಹೇಳುವುದು ಇಷ್ಟು: ನಿಂತು ನೋಡಿದ ಒಂದೊಂದು ವೀಕ್ಷಣೆಗೆ ಸರಾಸರಿ 11 ಸೆಕೆಂಡಿನ ಓಟ ಸಿಕ್ಕಿದೆ. ವಿಡಿಯೊ ಇರುವುದು 8 ಸೆಕೆಂಡು. ಮುಗಿದ ತಕ್ಷಣ ಅದು ತಾನಾಗಿಯೇ ಮೊದಲಿನಿಂದ ಶುರುವಾಗುತ್ತದೆ. ಎರಡನೇ ಸುತ್ತಿನ ಸೆಕೆಂಡುಗಳೂ ಮೊದಲ ಸುತ್ತಿನ ಸೆಕೆಂಡುಗಳ ಜೊತೆಗೇ ಕೂಡುತ್ತವೆ. ಆದರೆ ಭಾಗಿಸುವುದು ಮಾತ್ರ ಒಂದೇ ಸುತ್ತಿನ ಉದ್ದದಿಂದ. ಹಾಗಾಗಿ ನೂರು ದಾಟುವುದರಲ್ಲಿ ವಿಚಿತ್ರ ಏನೂ ಇಲ್ಲ. 140 ಕಂಡ ಮಾತ್ರಕ್ಕೆ ಬಾಟ್ ಎನ್ನಲು ಕಾರಣವಿಲ್ಲ. ನಿಮ್ಮ ಫ್ರೆಂಡ್‌ಗೆ ಈ ಲೆಕ್ಕವನ್ನೇ ತೋರಿಸಿ.

ಈಗ 9,400ಕ್ಕೆ ಬರೋಣ. ಅದೇ 44,640 ಸೆಕೆಂಡನ್ನು 9,400ರಿಂದ ಭಾಗಿಸಿ ನೋಡಿ. 4.75 ಸೆಕೆಂಡು, ಅಂದರೆ ಸುಮಾರು 59 ಪರ್ಸೆಂಟ್ ಬರುತ್ತದೆ. ಒಂದೇ ವಿಡಿಯೊ, ಅದೇ ಜನ, ಆದರೆ ಒಂದು ಕಡೆ 140, ಇನ್ನೊಂದು ಕಡೆ 59. ಇದಕ್ಕೆ ಕಾರಣ 2025ರ ಮಾರ್ಚ್ 31ರಂದು ಬಂದ ಬದಲಾವಣೆ. ಅಂದಿನಿಂದ ಶಾರ್ಟ್ಸ್‌ನಲ್ಲಿ ವಿಡಿಯೊ ಓಡಲು ಶುರುವಾದ ಪ್ರತಿ ಸಲವೂ ಒಂದು ವ್ಯೂ. ಮರುಸುತ್ತು ಶುರುವಾದರೂ ಒಂದು ವ್ಯೂ. ಇಷ್ಟು ಹೊತ್ತು ನೋಡಿರಬೇಕು ಎಂಬ ಷರತ್ತಿಲ್ಲ. ಹೆಬ್ಬೆರಳು ಮೇಲಕ್ಕೆ ಸರಿಸುತ್ತಾ ಹೋಗುವವರ ಮುಂದೆ ಅರೆ ಕ್ಷಣ ಓಡಿದ್ದೂ ಅದರಲ್ಲಿ ಸೇರುತ್ತದೆ. ಹಳೆಯ ಎಣಿಕೆಗೆ Engaged views ಎಂದು ಬೇರೆ ಹೆಸರು ಕೊಟ್ಟು ಪಕ್ಕದಲ್ಲಿ ಇಟ್ಟಿದ್ದಾರೆ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಪ್ರತಿ ಸುತ್ತನ್ನೂ ಹೊಸ ವ್ಯೂ ಎಂದು ಎಣಿಸಿ, ಅದರಿಂದಲೇ ಭಾಗಿಸಿದರೆ ಉತ್ತರ ನೂರು ದಾಟುವುದಿಲ್ಲ. ಯಾರೂ ಬೆರಳಿನಲ್ಲಿ ಹಿಂದಕ್ಕೆ ಎಳೆದು ನೋಡದಿದ್ದರೆ, ಒಂದು ಸುತ್ತಿನಲ್ಲಿ 8 ಸೆಕೆಂಡಿಗಿಂತ ಜಾಸ್ತಿ ಓಡಲು ಜಾಗವೇ ಇಲ್ಲವಲ್ಲ. ಆದ್ದರಿಂದ ಎಲ್ಲಾದರೂ ನೂರರ ಮೇಲಿನ ಸಂಖ್ಯೆ ಕಂಡರೆ, ಅಲ್ಲಿ ಮರುಸುತ್ತುಗಳು ನೋಡಿದ ಸಮಯದಲ್ಲಿ ಸೇರಿವೆ, ಭಾಗಿಸುವ ವೀಕ್ಷಣೆಗಳ ಎಣಿಕೆಯಲ್ಲಿ ಸೇರಿಲ್ಲ ಎಂದು ತಿಳಿಯಬಹುದು. ಬೇರೆ ಆ್ಯಪ್‌ಗಳ ಅಂಕಿ ನೋಡುವಾಗಲೂ ಮೊದಲು ಇದನ್ನೇ ಕೇಳಿಕೊಳ್ಳಿ: ಯಾವುದನ್ನು ಯಾವುದರಿಂದ ಭಾಗಿಸಿದ್ದಾರೆ? ಅದು ಗೊತ್ತಿಲ್ಲದೆ ಎರಡು ಆ್ಯಪ್‌ಗಳ ಪರ್ಸೆಂಟನ್ನು ಪಕ್ಕಪಕ್ಕ ಇಟ್ಟು ನೋಡಬೇಡಿ.

ಸರಿ, 140 ಸುಳ್ಳಲ್ಲ. ಆದರೆ ಅದರ ಅರ್ಥ ಏನು? ಇಲ್ಲಿ ತುಂಬಾ ಜನ ಎಡವುತ್ತಾರೆ. 140 ಎಂದರೆ ಎಲ್ಲರೂ ಪೂರ್ತಿ ನೋಡಿ, ಮೇಲೆ ಇನ್ನೂ ಅರ್ಧ ನೋಡಿದರು ಎಂದುಕೊಳ್ಳುತ್ತಾರೆ. ಹಾಗಲ್ಲ. ನಿಮ್ಮ ಅಂಕಿಗಳಿಗೆ ಹೊಂದುವ ಒಂದು ಮಾದರಿಯನ್ನು ಕೈಯಲ್ಲೇ ಲೆಕ್ಕ ಹಾಕಿ ತೋರಿಸುತ್ತೇನೆ.

ನಿಂತು ನೋಡಿದ 100 ಜನ ಎಂದುಕೊಳ್ಳಿ. ಅವರಲ್ಲಿ 30 ಜನ 3ನೇ ಸೆಕೆಂಡಿಗೆ ಹೊರಟುಹೋದರು. ಅದು 90 ಸೆಕೆಂಡು. ಇನ್ನು 30 ಜನ ಪೂರ್ತಿ ನೋಡಿದರು, ಎರಡನೇ ಸುತ್ತು ಶುರುವಾಗಿ ಒಂದು ಸೆಕೆಂಡ್ ಆದ ಮೇಲೆ ಮುಂದಕ್ಕೆ ಸರಿಸಿದರು. ತಲಾ 9ರಂತೆ 270. ಮತ್ತೆ 25 ಜನ ಎರಡು ಸುತ್ತು ನೋಡಿದರು. ತಲಾ 16ರಂತೆ 400. ಉಳಿದ 15 ಜನ ಮೂರು ಸುತ್ತು ನೋಡಿದರು. ತಲಾ 24ರಂತೆ 360. ಎಲ್ಲ ಸೇರಿ 1,120 ಸೆಕೆಂಡು. ನೂರು ಜನಕ್ಕೆ ಹಂಚಿದರೆ ತಲಾ 11.2. ಎಂಟರಿಂದ ಭಾಗಿಸಿದರೆ ಸರಿಯಾಗಿ 140 ಪರ್ಸೆಂಟ್.

ನೂರರಲ್ಲಿ 30 ಜನ ಕೊನೆಯನ್ನು ಮುಟ್ಟಲೇ ಇಲ್ಲ. ಆದರೂ 140. ಮೂರು ಸುತ್ತು ನೋಡಿದ 15 ಜನ ಆ ಮೂವತ್ತು ಜನರನ್ನು ಮರೆಮಾಡಿದ್ದಾರೆ. ಸರಾಸರಿಯ ಗುಣವೇ ಇದು. ಪೂರ್ತಿ ನೋಡಿದವರು ಎಷ್ಟು ಜನ ಎಂಬುದಕ್ಕೆ 140 ಉತ್ತರವೇ ಅಲ್ಲ.

ಆ ಎರಡನೇ ಗುಂಪನ್ನು ಇನ್ನೊಮ್ಮೆ ನೋಡಿ, ಒಂದು ಸೆಕೆಂಡ್ ಹೆಚ್ಚು ನೋಡಿದ 30 ಜನ. ಅವರು ನಿಜವಾಗಿ ಮತ್ತೆ ನೋಡಬೇಕು ಅಂತ ನೋಡಿದವರಲ್ಲ. ವಿಡಿಯೊ ಮುಗಿಯಿತು ಎಂದು ಗೊತ್ತಾಗಬೇಕು, ಆಮೇಲೆ ಬೆರಳು ಸರಿಸಬೇಕು. ಅಷ್ಟರಲ್ಲಿ ಒಂದು ಸೆಕೆಂಡ್ ಹೋಗಿಬಿಡುತ್ತದೆ. ಟಿವಿಯಲ್ಲಿ ಕಾರ್ಯಕ್ರಮ ಮುಗಿದರೆ ಅದು ತಾನೇ ನಿಲ್ಲುತ್ತದೆ. ಇಲ್ಲಿ ನಿಲ್ಲುವುದೇ ಇಲ್ಲ, ನೋಡುವವರೇ ನಿಲ್ಲಿಸಬೇಕು. ನಿಲ್ಲಿಸಲು ಹಿಡಿಯುವ ಆ ಒಂದು ಸೆಕೆಂಡ್ ಎಲ್ಲ ವಿಡಿಯೊಗೂ ಹೆಚ್ಚುಕಡಿಮೆ ಒಂದೇ. ಆದರೆ ಪರ್ಸೆಂಟ್ ಲೆಕ್ಕದಲ್ಲಿ ಒಂದೇ ಅಲ್ಲ. ನಿಮ್ಮ 8 ಸೆಕೆಂಡಿನ ವಿಡಿಯೊದಲ್ಲಿ ಅದು 12.5 ಪರ್ಸೆಂಟ್. 48 ಸೆಕೆಂಡಿನದರಲ್ಲಿ 2 ಪರ್ಸೆಂಟ್. 4 ಸೆಕೆಂಡಿನದು ಮಾಡಿದ್ದರೆ 25 ಪರ್ಸೆಂಟ್. ತುಂಬಾ ಚಿಕ್ಕ ವಿಡಿಯೊಗಳು ನೂರು ದಾಟಲು ಅಂಥ ಪ್ರೀತಿಯೇನೂ ಬೇಕಿಲ್ಲ, ಬೆರಳಿನ ನಿಧಾನವೇ ಅರ್ಧ ಕೆಲಸ ಮಾಡಿಬಿಡುತ್ತದೆ.

ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ಅದೇ ಜನ ಅದೇ 11.2 ಸೆಕೆಂಡು ನಿಂತರು, ಆದರೆ ನೀವು ವಿಡಿಯೊವನ್ನು 5 ಸೆಕೆಂಡಿಗೆ ಕತ್ತರಿಸಿದ್ದಿರಿ ಎಂದುಕೊಳ್ಳಿ. ಆಗ ಪರದೆ 224 ಪರ್ಸೆಂಟ್ ತೋರಿಸುತ್ತದೆ. ಜನ ಒಂದು ಕ್ಷಣವೂ ಜಾಸ್ತಿ ನೋಡಿಲ್ಲ. ಭಾಗಿಸುವ ಸಂಖ್ಯೆ ಚಿಕ್ಕದಾಯಿತು, ಅಷ್ಟೆ. ಇದಕ್ಕೇ ಬೇರೆ ಬೇರೆ ಉದ್ದದ ವಿಡಿಯೊಗಳ ಪರ್ಸೆಂಟನ್ನು ಹೋಲಿಸಬಾರದು ಎನ್ನುವುದು. ನಿಮ್ಮ 48 ಸೆಕೆಂಡಿನ ವಿಡಿಯೊದ 68 ಪರ್ಸೆಂಟ್ ಎಂದರೆ 32 ಸೆಕೆಂಡಿಗಿಂತ ಜಾಸ್ತಿ. ನಿಮ್ಮ ಅಪ್ಪನ ಕೆಲಸವನ್ನು ಒಬ್ಬೊಬ್ಬರು ಸರಾಸರಿ ಅರ್ಧ ನಿಮಿಷ ನಿಂತು ನೋಡಿದ್ದಾರೆ. ಅದನ್ನು "ಅಷ್ಟೇ" ಎಂದು ಬರೆದದ್ದು ನನಗೆ ಬೇಸರವಾಯಿತು. ಅದು ಚೆನ್ನಾಗಿಯೇ ಓಡಿದ ವಿಡಿಯೊ.

ಇನ್ನು ಲೂಪಿಂಗ್ ರೇಟ್. ಎಷ್ಟು ಜನ ಮತ್ತೊಂದು ಸುತ್ತಿಗೆ ಉಳಿದರು ಎಂದು ನೇರವಾಗಿ ಹೇಳುವ ಸಂಖ್ಯೆಯನ್ನು ಹುಡುಕಬೇಡಿ, ಆ ಶಾರ್ಟ್ಸ್‌ನ ವೀಕ್ಷಣೆಯ ಗೆರೆಯಿಂದಲೇ ಅಂದಾಜು ಮಾಡಬಹುದು. ಹಿಂದೆ ವೈನ್ ಎಂಬ ಆ್ಯಪ್ ಇತ್ತು. 6 ಸೆಕೆಂಡಿನ ವಿಡಿಯೊಗಳೇ ಅದರ ಜೀವ. 2014ರಲ್ಲಿ ಅವರು ವಿಡಿಯೊ ಕೆಳಗೆ ಲೂಪ್ ಎಣಿಕೆಯನ್ನೇ ತೋರಿಸಲು ಶುರುಮಾಡಿದ್ದರು. ಯೂಟ್ಯೂಬ್‌ನಲ್ಲಿ ಆ ಕೆಲಸ ನಾವೇ ಮಾಡಿಕೊಳ್ಳಬೇಕು.

ಯೂಟ್ಯೂಬ್ ಸ್ಟುಡಿಯೊದಲ್ಲಿ ಆ ವಿಡಿಯೊ ತೆರೆದು ಅನಾಲಿಟಿಕ್ಸ್‌ಗೆ ಹೋಗಿ, ವೀಕ್ಷಕರು ಎಲ್ಲಿವರೆಗೆ ಉಳಿದರು ಎಂಬ ಗೆರೆ ನೋಡಿ. ಉದ್ದ ವಿಡಿಯೊಗಳಲ್ಲಿ ಅದು 100ರ ಹತ್ತಿರ ಶುರುವಾಗಿ ಇಳಿಯುತ್ತದೆ. ಸುತ್ತುವ ಚಿಕ್ಕ ವಿಡಿಯೊದಲ್ಲಿ ಅದು 100ರ ಮೇಲಿಂದಲೇ ಶುರುವಾಗುತ್ತದೆ. ಮೊದಲ ಕ್ಷಣವನ್ನು ಎರಡು ಮೂರು ಸಲ ನೋಡಿದವರು ಅಷ್ಟೇ ಸಲ ಲೆಕ್ಕಕ್ಕೆ ಬರುತ್ತಾರೆ, ಅದಕ್ಕೆ.

ನಮ್ಮ ನೂರು ಜನರ ಮಾದರಿಯನ್ನೇ ಗೆರೆಯಾಗಿ ಎಳೆಯೋಣ. ಒಟ್ಟು ಶುರುವಾದ ಸುತ್ತುಗಳು ಎಷ್ಟು? ಬೇಗ ಹೋದವರದು 30, ಒಂದು ಸೆಕೆಂಡ್ ಜಾಸ್ತಿ ನೋಡಿದವರದು 60, ಎರಡು ಸುತ್ತಿನವರದು 50, ಮೂರು ಸುತ್ತಿನವರದು 45. ಒಟ್ಟು 185. ಕೊನೆ ಮುಟ್ಟಿದ ಸುತ್ತುಗಳು 30, 50, 45 ಸೇರಿ 125. ಹಾಗಾಗಿ ಗೆರೆ 185ರಲ್ಲಿ ಶುರುವಾಗುತ್ತದೆ, ಒಂದನೇ ಸೆಕೆಂಡಿಗೆ 155ಕ್ಕೆ ಇಳಿಯುತ್ತದೆ, ಮೂರನೇ ಸೆಕೆಂಡಿಗೆ 125ಕ್ಕೆ ಇಳಿದು ಕೊನೆವರೆಗೂ ಹಾಗೇ ಇರುತ್ತದೆ. ಈ ಗೆರೆಯ ಸರಾಸರಿ ಎತ್ತರ ತೆಗೆದು ನೋಡಿ, ಅದೇ 140. ನಿಜವಾದ ಗೆರೆ ಮೆಟ್ಟಿಲಿನ ಹಾಗಿರದೆ ನಯವಾಗಿ ಬಾಗಿರುತ್ತದೆ, ಆದರೆ ಲೆಕ್ಕ ಇದೇ.

```
ಲೂಪ್ ದರ = (ಗೆರೆಯ ಮೊದಲ ಸಂಖ್ಯೆ − 100) ÷ ಗೆರೆಯ ಕೊನೆಯ ಸಂಖ್ಯೆ
         = (185 − 100) ÷ 125 = 0.68
```

ಅಂದರೆ ವಿಡಿಯೊ ನೂರು ಸಲ ಕೊನೆ ಮುಟ್ಟಿದರೆ 68 ಸಲ ಮತ್ತೊಂದು ಸುತ್ತು ಶುರುವಾಗಿದೆ. ನೂರು ಜನಕ್ಕೆ 85 ಮರುಸುತ್ತು. ನಿಮ್ಮ 4,000ಕ್ಕೆ ಅದು 3,400. 4,000ಕ್ಕೆ 3,400 ಕೂಡಿಸಿದರೆ 7,400. ಮಾದರಿ ನಿಜಕ್ಕೆ ಹತ್ತಿರವಿದ್ದರೆ 9,400ರಲ್ಲಿ ಉಳಿದ 2,000, ನಿಲ್ಲದೆ ದಾಟಿ ಹೋದವರದು. ಇದನ್ನು ಪರೀಕ್ಷಿಸಲು ದಾರಿ ಇದೆ. ನಿಂತವರು ಎಷ್ಟು, ದಾಟಿ ಹೋದವರು ಎಷ್ಟು ಎಂದು ಶಾರ್ಟ್ಸ್‌ನ ಅನಾಲಿಟಿಕ್ಸ್ ಬೇರೆಯೇ ತೋರಿಸುತ್ತದೆ. ಅಲ್ಲಿ ನಿಂತವರ ಪಾಲು ಮೂರರಲ್ಲಿ ಎರಡರ ಹತ್ತಿರ, ಅಂದರೆ 67 ಪರ್ಸೆಂಟ್ ಸುತ್ತಮುತ್ತ ಇದ್ದರೆ ನಮ್ಮ ಅಂದಾಜು ಸರಿ ಇದೆ. ತುಂಬಾ ಬೇರೆ ಇದ್ದರೆ ನಿಮ್ಮ ಜನ ಹಂಚಿಕೊಂಡಿರುವ ರೀತಿ ಬೇರೆ. ಆಗ ನಿಮ್ಮ ಗೆರೆಯ ಮೊದಲ ಮತ್ತು ಕೊನೆಯ ಸಂಖ್ಯೆಯನ್ನೇ ಹಾಕಿ ಮತ್ತೆ ಲೆಕ್ಕ ಮಾಡಿ.

ಆದರೆ 68 ನೋಡಿ ಹಿಗ್ಗುವ ಮೊದಲು ಗೆರೆಯ ಮೊದಲ ಒಂದು ಸೆಕೆಂಡ್ ನೋಡಿ. ಅಲ್ಲಿ 185ರಿಂದ 155ಕ್ಕೆ ಬಿದ್ದದ್ದು ಆ ಬೆರಳು ನಿಧಾನವಾದ 30 ಜನ. ಅವರನ್ನು ಬಿಟ್ಟರೆ ನಿಜವಾಗಿ ಮತ್ತೆ ಕೂತು ನೋಡಿದ ಸುತ್ತುಗಳು 85 ಅಲ್ಲ, 55. ನಿಜವಾದ ಗೆರೆಯಲ್ಲಿ ಮೊದಲ ಸಲವೇ ಬೇಗ ಬಿಟ್ಟುಹೋದವರೂ ಇದರಲ್ಲಿ ಬೆರೆತಿರುತ್ತಾರೆ, ಆದ್ದರಿಂದ ಕರಾರುವಾಕ್ಕಾಗಿ ಬೇರ್ಪಡಿಸಲು ಆಗುವುದಿಲ್ಲ. ಆದರೂ ಶುರುವಿನಲ್ಲೇ ಕಡಿದಾಗಿ ಬಿದ್ದು ಆಮೇಲೆ ಸಮವಾಗುವ ಗೆರೆ ಕಂಡರೆ, ನಿಮ್ಮ ಲೂಪ್‌ನಲ್ಲಿ ದೊಡ್ಡ ಪಾಲು ಈ ಜಾರಿಕೆಯದೇ ಎಂದು ತಿಳಿಯಿರಿ.

ಲೇತ್‌ನ ವಿಡಿಯೊದಲ್ಲಿ ಇದು ಇನ್ನೂ ಜಾಸ್ತಿ ಆಗಬಹುದು. ಮರ ಸುತ್ತುತ್ತಲೇ ಇರುತ್ತದೆ. ಕೊನೆಯ ಚಿತ್ರವೂ ಮೊದಲ ಚಿತ್ರವೂ ಒಂದೇ ಥರ ಕಂಡರೆ, ಮುಗಿದದ್ದೇ ಗೊತ್ತಾಗುವುದಿಲ್ಲ. ಬುಗುರಿಯ ಬಣ್ಣ ಮಾಯವಾಗಿ ಮತ್ತೆ ಬಿಳಿ ಮರ ಕಂಡಾಗಲೇ "ಓ, ಮತ್ತೆ ಶುರುವಾಯ್ತು" ಅನ್ನಿಸುವುದು. ಬೇಕಂತಲೇ ಹಾಗೆ ಜೋಡಿಸುವವರೂ ಇದ್ದಾರೆ. ತಪ್ಪೇನಿಲ್ಲ. ಆದರೆ ಅದರಿಂದ ಬಂದ ಒಂದೆರಡು ಸೆಕೆಂಡನ್ನು ಜನರ ಆಸಕ್ತಿ ಎಂದು ಓದಬಾರದು.

ಲೂಪ್ ಜಾಸ್ತಿಯಾಗಲು ಇನ್ನೊಂದು ಕಾರಣ ಇದೆ. ಇದನ್ನು ನಾನೇ ಕೆಲವು ವರ್ಷದ ಹಿಂದೆ ತಪ್ಪಾಗಿ ಓದಿದ್ದೆ. ಅಡುಗೆ ವಿಡಿಯೊ ಮಾಡುವ ಒಬ್ಬರಿಗೆ ಲೆಕ್ಕ ನೋಡಿಕೊಡುತ್ತಿದ್ದೆ. 7 ಸೆಕೆಂಡಿನ ಒಂದು ವಿಡಿಯೊ 190 ದಾಟಿತ್ತು. ಇಂಥದ್ದೇ ಮಾಡಿ ಎಂದು ಹೇಳಿದೆ. ಅವರು ಅದೇ ಥರ ಹತ್ತು ಮಾಡಿದರು. ಆಮೇಲೆ ಕಾಮೆಂಟ್ ಓದಿದಾಗ ಗೊತ್ತಾಯಿತು: ಆರು ಸಾಮಾನುಗಳ ಅಳತೆಯನ್ನು ಪರದೆ ಮೇಲೆ ಎರಡು ಸೆಕೆಂಡ್ ಮಾತ್ರ ತೋರಿಸಿದ್ದರು. ಜನ ಓದಲಾಗದೆ ಮತ್ತೆ ಮತ್ತೆ ನೋಡುತ್ತಿದ್ದರು. "ಸ್ವಲ್ಪ ನಿಧಾನ ಹಾಕಿ", "ಎಷ್ಟು ಚಮಚ ಅಂತ ಹೇಳಿ" ಎಂದು ಕೇಳುತ್ತಲೇ ಇದ್ದರು. ನಾನು ಅವರ ಕಿರಿಕಿರಿಯನ್ನು ಮೆಚ್ಚುಗೆ ಎಂದು ಓದಿದ್ದೆ. ಆ ಹತ್ತು ವಿಡಿಯೊದ ಶ್ರಮ ನನ್ನಿಂದ ಹಾಳಾಯಿತು ಎಂಬ ನೋವು ಇನ್ನೂ ಇದೆ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ: ನಿಮ್ಮ ವಿಡಿಯೊ ಮೇಲೆ ಅಕ್ಷರ ಇದೆಯಾ? ಇದ್ದರೆ, ನೋಡದೇ ಇರುವ ಯಾರಿಗಾದರೂ ಒಮ್ಮೆ ತೋರಿಸಿ, ಗಟ್ಟಿಯಾಗಿ ಓದಲು ಹೇಳಿ. ಒಂದೇ ಸುತ್ತಿನಲ್ಲಿ ಓದಿ ಮುಗಿಸಿದರೆ ಸರಿ.

ನಿಜವಾದ ಆಸಕ್ತಿ ಗೆರೆಯಲ್ಲಿ ಹೇಗೆ ಕಾಣುತ್ತದೆ? ಇದಕ್ಕೆ ನನಗೆ ತುಂಬಾ ಇಷ್ಟವಾದ ಒಂದು ಗುರುತು ಇದೆ. ಸುಮ್ನೆ ಸುತ್ತು ಹೊಡೆಯುವುದರಿಂದ ಗೆರೆ ಇಡಿಯಾಗಿ ಮೇಲೆ ಏರಬಹುದು, ಆದರೆ ಸುತ್ತಿನ ನಡುವೆ ಉಬ್ಬಲಾರದು. ಪ್ರತಿ ಸುತ್ತೂ ಸೊನ್ನೆಯಿಂದ ಶುರುವಾಗುತ್ತದೆ. 5ನೇ ಸೆಕೆಂಡಿಗೆ ಬಂದವರು 4ನೇ ಸೆಕೆಂಡ್ ದಾಟಿಯೇ ಬಂದಿರಬೇಕು. ಹಾಗಾಗಿ ಗೆರೆ ಇಳಿಯಬಹುದು, ಇಲ್ಲವೇ ಸಮ ಇರಬಹುದು. ನಡುವೆ ಉಬ್ಬು ಕಂಡರೆ, ಯಾರೋ ಕೆಳಗಿನ ಪಟ್ಟಿಯನ್ನು ಬೆರಳಿನಲ್ಲಿ ಎಳೆದು ಆ ಜಾಗಕ್ಕೇ ಹೋಗಿದ್ದಾರೆ. ತಾಳೆಗರಿ ಒತ್ತಿದಾಗ ಮಂಕಾಗಿದ್ದ ಅರಗು ಫಳಫಳ ಹೊಳೆಯುವ ಆ ಕ್ಷಣದಲ್ಲಿ ನಿಮ್ಮ ಗೆರೆ ಉಬ್ಬಿದ್ದರೆ, ಅದು 140ಕ್ಕಿಂತ ದೊಡ್ಡ ಸುದ್ದಿ.

ಸಂಖ್ಯೆ ಚಿಕ್ಕದಿದ್ದಾಗ ಮಾತ್ರ ಇದನ್ನೆಲ್ಲ ನಂಬಬೇಡಿ. ವಿಡಿಯೊ ಹಾಕಿದ ಮೊದಲ ದಿನ 40 ವೀಕ್ಷಣೆ ಇದೆ ಎಂದುಕೊಳ್ಳಿ. ಯಾರೋ ಒಬ್ಬರು ಕಾಮೆಂಟ್ ತೆರೆದುಕೊಂಡು ಓದುತ್ತಾ ಕೂತರು, ಹಿಂದೆ ವಿಡಿಯೊ 25 ಸುತ್ತು ಓಡಿತು. ಅದು 200 ಸೆಕೆಂಡು. ನಲವತ್ತಕ್ಕೆ ಹಂಚಿದರೆ ತಲಾ 5 ಸೆಕೆಂಡು, ಅಂದರೆ 62 ಪರ್ಸೆಂಟ್ ಒಬ್ಬರಿಂದಲೇ ಏರಿಬಿಟ್ಟಿತು. ಅದೇ 25 ಸುತ್ತು 4,000 ವೀಕ್ಷಣೆಯಲ್ಲಿ ಕಾಣುವುದೇ ಇಲ್ಲ. ನಿಮ್ಮ 140 ನಾಲ್ಕು ಸಾವಿರದ ಮೇಲೆ ಬಂದದ್ದು, ಹಾಗಾಗಿ ಅದು ಗಟ್ಟಿ.

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. ಪಾರ್ಟ್‌ನರ್ ಪ್ರೋಗ್ರಾಮ್‌ನ ಅರ್ಹತೆಗೂ, ಶಾರ್ಟ್ಸ್ ಜಾಹೀರಾತಿನ ಪಾಲಿಗೂ ಎಣಿಸುವುದು Engaged views ಅನ್ನು. ಜಾಹೀರಾತಿನ ಪಾಲು ಪಡೆಯಲು 1,000 ಚಂದಾದಾರರ ಜೊತೆ 90 ದಿನದಲ್ಲಿ 1 ಕೋಟಿ ಶಾರ್ಟ್ಸ್ ವೀಕ್ಷಣೆ ಬೇಕು ಎಂಬ ದಾರಿ ಇದೆಯಲ್ಲ, ಅಲ್ಲಿ ನಿಮ್ಮ 9,400 ಲೆಕ್ಕಕ್ಕಿಲ್ಲ, 4,000 ಇದೆ. ದುಡ್ಡಿಗೆಂದು ಲೂಪ್ ಏರಿಸಲು ಹೋಗಬೇಡಿ.

ಹಾಗಾಗಿ ಎಲ್ಲವನ್ನೂ 8 ಸೆಕೆಂಡಿಗೆ ಇಳಿಸಬೇಡಿ. ಅರಗಿನ ಕಡ್ಡಿ ತಾಗಿದೊಡನೆ ಮರಕ್ಕೆ ಬಣ್ಣ ಹತ್ತುವುದು ಒಂದೇ ನೋಟದ ಸಂಗತಿ, ಅದಕ್ಕೆ 8 ಸೆಕೆಂಡು ಸಾಕು. ಹಾಲೆ ಮರದ ತುಂಡು ಬುಗುರಿಯಾಗುವುದು ಒಂದು ಕಥೆ, ಅದಕ್ಕೆ 48 ಸೆಕೆಂಡೇ ಬೇಕು. 8ನ್ನು ನಿಮ್ಮದೇ 7ರಿಂದ 10 ಸೆಕೆಂಡಿನ ವಿಡಿಯೊಗಳ ಜೊತೆ ಹೋಲಿಸಿ. 48ನ್ನು 40ರಿಂದ 60 ಸೆಕೆಂಡಿನವುಗಳ ಜೊತೆ ಹೋಲಿಸಿ. ಒಂದೊಂದು ಗುಂಪಿನಲ್ಲಿ ಐದಾರು ವಿಡಿಯೊ ಆದ ಮೇಲೆ, ನಿಮ್ಮ ಚಾನೆಲ್‌ಗೆ 140 ಜಾಸ್ತಿಯೋ ಮಾಮೂಲೋ ಎಂದು ನಿಮಗೇ ಕಾಣುತ್ತದೆ.

ಈಗ ಮೊದಲು ಮಾಡಬೇಕಾದ ಕೆಲಸ ಬೇರೆ. ನಮ್ಮ ಮಾದರಿಯಲ್ಲಿ 3ನೇ ಸೆಕೆಂಡಿಗೆ ಹೋದ ಆ 30 ಜನ ನೆನಪಿದ್ದಾರಾ? ನಿಮ್ಮ ಗೆರೆಯಲ್ಲಿ ಹಾಗೆ ಇಳಿಯುವ ಜಾಗ ಯಾವ ಸೆಕೆಂಡಿನಲ್ಲಿದೆ ನೋಡಿ. ವಿಡಿಯೊವನ್ನು ಅಲ್ಲಿಗೆ ನಿಲ್ಲಿಸಿ, ಅಪ್ಪನ ಕೈ ಆಗ ಏನು ಮಾಡುತ್ತಿದೆ ಎಂದು ನೋಡಿ. ಬಣ್ಣ ಬದಲಿಸಲು ಕಡ್ಡಿ ಎತ್ತಿ ಪಕ್ಕಕ್ಕೆ ಇಡುತ್ತಿದ್ದರೆ, ಆ ಅರ್ಧ ಸೆಕೆಂಡನ್ನು ಕತ್ತರಿಸಿದ ಇನ್ನೊಂದು ವಿಡಿಯೊ ಮಾಡಿ ಹಾಕಿ. ಆಮೇಲೆ ಎರಡರ ಗೆರೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ.